ಕಿರಿಯಲೆಗೆ ಒಂದು ಮದ್ದು, ಹಿರಿಯಲೆಗೆ ಇನ್ನೊಂದು

ಲೋಹದ ಒಂದು ಸರಳಿನ ಎರಡೂ ತುದಿಗಳನ್ನು ಮಂಜುಗಡ್ಡೆಯಲ್ಲಿ ಹುಗಿದು, ನಡುವೆ ಅಲ್ಲಲ್ಲಿ ಒಂದೇ ಸಮನೆ ಬಿಸಿ ಕೊಡುತ್ತಿದ್ದೇವೆ ಎನ್ನಿ. ಸ್ವಲ್ಪ ಹೊತ್ತಿಗೆ ಸರಳಿನ ಉದ್ದಕ್ಕೂ ಉಷ್ಣತೆ ಏರುವುದು, ಇಳಿಯುವುದು ನಿಂತುಹೋಗುತ್ತದೆ. ಎಲ್ಲಿ ಎಷ್ಟು ಬಿಸಿ ಉಳಿಯಿತು ಎಂಬುದನ್ನು ಹೇಳುವುದು ಪ್ವಾಸೋನ್ ಸಮೀಕರಣ. ವಿದ್ಯುತ್ ವಿಭವ, ಹರಿಯುವ ನೀರಿನೊಳಗಿನ ಒತ್ತಡ, ಗುರುತ್ವ ಇವೆಲ್ಲಕ್ಕೂ ಇದೇ ಸಮೀಕರಣ.

ಕಂಪ್ಯೂಟರಿಗೆ ಇದನ್ನು ಕೊಡುವಾಗ ಸರಳನ್ನು, ಉದಾಹರಣೆಗೆ, 64 ಸಮಭಾಗ ಮಾಡುತ್ತೇವೆ. ತುದಿಗಳ ಉಷ್ಣತೆ ಗೊತ್ತೇ ಇದೆ. ನಡುವಿನ 63 ಬಿಂದುಗಳದ್ದು ಗೊತ್ತಿಲ್ಲ. ಪ್ರತಿ ಬಿಂದುವಿಗೂ ನಿಯಮ ಒಂದೇ: ಅಕ್ಕಪಕ್ಕದ ಎರಡು ಬಿಂದುಗಳ ಸರಾಸರಿ, ಅದರ ಮೇಲೆ ಆ ಜಾಗಕ್ಕೆ ಕೊಟ್ಟ ಬಿಸಿಯ ಪಾಲು. ಹಾಗಾದರೆ ಏನೋ ಒಂದು ಅಂದಾಜಿನಿಂದ ಶುರು ಮಾಡಿ, ಪ್ರತಿ ಬಿಂದುವನ್ನೂ ಈ ನಿಯಮಕ್ಕೆ ತಕ್ಕಂತೆ ತಿದ್ದುತ್ತಾ ಹೋದರೆ ಸಾಕಲ್ಲ? ಸಾಕು, ಉತ್ತರ ಬಂದೇ ಬರುತ್ತದೆ. ಯಾವಾಗ ಬರುತ್ತದೆ ಎಂಬುದೇ ತಕರಾರು.

ನಮ್ಮ ಅಂದಾಜಿಗೂ ನಿಜವಾದ ಉತ್ತರಕ್ಕೂ ಇರುವ ಅಂತರವನ್ನು ದೋಷ ಎನ್ನೋಣ. ಈ ದೋಷವನ್ನು ಅಲೆಗಳಾಗಿ ಬಿಡಿಸಿ ನೋಡಬಹುದು: ಇಡೀ ಸರಳಿಗೆ ಒಂದೇ ಉಬ್ಬಿರುವ ಮೊದಲನೆಯ ಅಲೆಯಿಂದ ಹಿಡಿದು, ಬಿಂದುವಿನಿಂದ ಬಿಂದುವಿಗೆ ಮೇಲೆ ಕೆಳಗೆ ಹಾರುವ 63ನೆಯ ಅಲೆಯವರೆಗೆ. ತಿದ್ದುವಾಗ ಹೊಸ ಬೆಲೆಯತ್ತ ಪೂರ್ತಿ ಹೋಗದೆ ಮೂರರಲ್ಲಿ ಎರಡು ಪಾಲು ಮಾತ್ರ ಸರಿದರೆ, ಒಂದು ಸುತ್ತಿನಲ್ಲಿ k ಸಂಖ್ಯೆಯ ಅಲೆಗೆ ಬೀಳುವ ಗುಣಕ ಇದು:

1 − (4/3) sin²(kπ/2n)

ಇಲ್ಲಿ n ಎಂದರೆ ಭಾಗಗಳ ಸಂಖ್ಯೆ, ಅಂದರೆ 64. 48ನೆಯ ಅಲೆಗೆ ಲೆಕ್ಕ ಹಾಕಿದರೆ ಸುಮಾರು −0.14 ಬರುತ್ತದೆ. ಒಂದೇ ಸುತ್ತಿಗೆ ಅಲೆ ಏಳನೆಯ ಒಂದು ಭಾಗಕ್ಕೆ ಇಳಿಯಿತು. ಮೂರು ಸುತ್ತಿಗೆ ಅದರ ಸುಳಿವೂ ಇರುವುದಿಲ್ಲ. ಅದೇ ಮೊದಲನೆಯ ಅಲೆಗೆ ಬರುವ ಗುಣಕ 0.9992. ಅದನ್ನು ಹತ್ತನೇ ಒಂದಕ್ಕೆ ಇಳಿಸಲು ಸುಮಾರು 2,870 ಸುತ್ತು ಬೇಕು. ಭಾಗಗಳನ್ನು 128 ಮಾಡಿದರೆ ಇದು ನಾಲ್ಕು ಪಟ್ಟಾಗುತ್ತದೆ. ಗ್ರಿಡ್ ನುಣುಪಾದಷ್ಟೂ ಲೆಕ್ಕ ಕುಂಟುತ್ತದೆ. ಕಾರಣ ಸರಳ: ಒಂದು ಸುತ್ತಿನಲ್ಲಿ ಒಂದು ಬಿಂದುವಿಗೆ ಪಕ್ಕದ ಬಿಂದುವಿನ ಸುದ್ದಿ ಮಾತ್ರ ತಲುಪುತ್ತದೆ. ನಿಧಾನವಾಗಿ ಏರಿಳಿಯುವ ದೋಷದಲ್ಲಿ ಅಕ್ಕಪಕ್ಕದವರೆಲ್ಲ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ತಪ್ಪಿರುವುದರಿಂದ, ಸರಾಸರಿಗೆ ತಿದ್ದಲು ಏನೂ ಕಾಣುವುದಿಲ್ಲ.

ಮೇಲಿನ ಸೂತ್ರದಲ್ಲಿ ಇನ್ನೊಂದು ಸಂಗತಿ ಇದೆ. ಮೇಲಿನ ಅರ್ಧದ ಅಲೆಗಳನ್ನಷ್ಟೇ, ಅಂದರೆ 32ರಿಂದ 63ರವರೆಗಿನವನ್ನು, ತೆಗೆದುಕೊಂಡರೆ ಗುಣಕ ಎಂದೂ ಮೂರನೆಯ ಒಂದನ್ನು ಮೀರುವುದಿಲ್ಲ. n ಎಷ್ಟೇ ಇರಲಿ, 64 ಇರಲಿ, ಒಂದು ಕೋಟಿ ಇರಲಿ, ಮೇಲಿನ ಅರ್ಧಕ್ಕೆ ಇದೇ ಮಿತಿ. ಸೂತ್ರಕ್ಕೆ ಬೇಕಾದದ್ದು k ಮತ್ತು nಗಳ ಅನುಪಾತ ಮಾತ್ರ. ತಿದ್ದುವ ಈ ಕ್ರಮ ದೋಷವನ್ನು ಬೇಗ ಅಳಿಸಲಾರದು, ಆದರೆ ಬೇಗ ನಯ ಮಾಡಬಲ್ಲದು. (ಮೂರರಲ್ಲಿ ಎರಡು ಪಾಲು ಎಂಬ ಹಿಡಿತ ಇಲ್ಲಿ ಮುಖ್ಯ. ಪೂರ್ತಿ ಸರಿದರೆ 63ನೆಯ ಅಲೆಯ ಗುಣಕ −0.9988 ಆಗುತ್ತದೆ, ಗರಗಸದ ಹಲ್ಲಿನಂಥ ಆ ದೋಷ ಪ್ರತಿ ಸುತ್ತಿಗೂ ತಲೆಕೆಳಗಾಗುತ್ತದೆಯೇ ಹೊರತು ಕರಗುವುದಿಲ್ಲ.)

ಇನ್ನು ಉಳಿದದ್ದು ಕೆಳಗಿನ ಅರ್ಧ. 16ನೆಯ ಅಲೆಯನ್ನು ನೋಡಿ. 64 ಭಾಗದ ಗ್ರಿಡ್‌ನಲ್ಲಿ ಅದರ ಗುಣಕ 0.80, ಅಂದರೆ ಮಂದ. ಒಂದು ಬಿಟ್ಟು ಒಂದು ಬಿಂದುವನ್ನು ಕೈಬಿಟ್ಟು 32 ಭಾಗದ ಗ್ರಿಡ್ ಮಾಡಿದರೆ, ಅದೇ ಅಲೆ ಅಲ್ಲಿ ಮೇಲಿನ ಅರ್ಧದ ಗಡಿಗೆ ಬಂದು ನಿಲ್ಲುತ್ತದೆ. ಗುಣಕ ಮೂರನೆಯ ಒಂದು. ಅಲೆ ಬದಲಾಗಿಲ್ಲ, ಅಳೆಯುವ ಗ್ರಿಡ್ ಬದಲಾಗಿದೆ, ಅಷ್ಟೆ. ಅದಕ್ಕಿಂತ ಉದ್ದದ ಅಲೆಗಳಿಗೆ 16 ಭಾಗದ ಗ್ರಿಡ್, ಆಮೇಲೆ 8, 4, 2. ಎರಡೇ ಭಾಗ ಉಳಿದಾಗ ನಡುವೆ ಇರುವುದು ಒಂದೇ ಬಿಂದು. ಅದನ್ನು ನೇರವಾಗಿ ಬಿಡಿಸಬಹುದು.

ಹಾಗಿದ್ದರೆ ಮೊದಲೇ ಒರಟು ಗ್ರಿಡ್‌ಗೆ ಹೋಗಬಾರದೇಕೆ? 48ನೆಯ ಅಲೆಯನ್ನು ಒಂದು ಬಿಟ್ಟು ಒಂದು ಬಿಂದುವಿನಲ್ಲಿ ಮಾತ್ರ ನೋಡಿದರೆ ಅದು ತಲೆಕೆಳಗಾದ 16ನೆಯ ಅಲೆಯ ಹಾಗೇ ಕಾಣುತ್ತದೆ. ಒರಟು ಗ್ರಿಡ್‌ಗೆ ಎರಡರ ವ್ಯತ್ಯಾಸ ತಿಳಿಯದು. ಇಲ್ಲದ 16ನೆಯ ಅಲೆಯನ್ನು ಅದು ತಿದ್ದಲು ಹೊರಡುತ್ತದೆ. ಆದ್ದರಿಂದ ಇಳಿಯುವ ಮೊದಲು ಕಿರಿಯಲೆಗಳನ್ನು ತೆಗೆದುಬಿಡಬೇಕು.

ಕ್ರಮ ಹೀಗೆ. ನುಣುಪು ಗ್ರಿಡ್‌ನಲ್ಲಿ ಒಂದೆರಡು ಸುತ್ತು ತಿದ್ದುತ್ತೇವೆ. ದೋಷ ನಮಗೆ ಕಾಣದು, ಆದರೆ ಪ್ರತಿ ಬಿಂದುವಿನಲ್ಲಿ ಸಮೀಕರಣ ಎಷ್ಟು ತಪ್ಪುತ್ತಿದೆ ಎಂಬ ಶೇಷವನ್ನು ಲೆಕ್ಕ ಹಾಕಬಹುದು. ದೋಷವೂ ಪ್ವಾಸೋನ್ ಸಮೀಕರಣವನ್ನೇ ಪಾಲಿಸುತ್ತದೆ, ಬಿಸಿಯ ಜಾಗದಲ್ಲಿ ಶೇಷ ಕೂರುತ್ತದೆ, ಅಷ್ಟೆ. ಈ ಶೇಷವನ್ನು ಕಾಲು, ಅರ್ಧ, ಕಾಲು ಎಂಬ ತೂಕದಲ್ಲಿ ಸರಾಸರಿ ಮಾಡಿ ಒರಟು ಗ್ರಿಡ್‌ಗೆ ಇಳಿಸಿ, ಅಲ್ಲಿ ದೋಷವನ್ನು ಕಂಡುಹಿಡಿಯುತ್ತೇವೆ. ಸಿಕ್ಕಿದ್ದನ್ನು ಮೇಲೆ ತಂದು, ಬಿಟ್ಟ ಬಿಂದುಗಳಿಗೆ ಪಕ್ಕದವುಗಳ ಸರಾಸರಿ ತುಂಬಿ, ಅಂದಾಜಿಗೆ ಕೂಡಿಸುತ್ತೇವೆ. ಹೀಗೆ ತುಂಬುವಾಗ ಚೂರು ಒರಟು ಮತ್ತೆ ಸೇರಿಕೊಳ್ಳುವುದರಿಂದ ಕೊನೆಗೆ ಇನ್ನೊಂದು ಸುತ್ತು. ಒರಟು ಗ್ರಿಡ್‌ನ ಲೆಕ್ಕವನ್ನೂ ಇದೇ ರೀತಿ ಇನ್ನೂ ಒರಟು ಗ್ರಿಡ್‌ಗೆ ದಾಟಿಸಿದರೆ ತಳದವರೆಗೆ ಇಳಿದು ಮೇಲೇರುವ ಹಾದಿಯಾಗುತ್ತದೆ, ಇದೇ ವಿ-ಸೈಕಲ್.

ಸರಳಿನ ಈ ಉದಾಹರಣೆಯಲ್ಲಿ ಒಂದು ಸೊಗಸು ಇದೆ. ಮೊದಲು ಒಂದು ಸುತ್ತು, ಕೊನೆಗೆ ಒಂದು ಸುತ್ತು, ನಡುವೆ ಒರಟು ಗ್ರಿಡ್‌ನ ಲೆಕ್ಕ ನಿಖರ ಎಂದಿಟ್ಟುಕೊಂಡು ಬೀಜಗಣಿತ ಮಾಡಿದರೆ, s ಎಂದರೆ sin²(kπ/2n) ಆದಾಗ, ಪ್ರತಿ ಸೈಕಲ್‌ಗೆ ಬೀಳುವ ಗುಣಕ

s(1 − 4s/3)² + (1 − s)(1 − 4(1 − s)/3)²

ಇದನ್ನು ಬಿಡಿಸಿದರೆ s ಪೂರ್ತಿ ಹಾರಿಹೋಗಿ 1/9 ಉಳಿಯುತ್ತದೆ. k ಇಲ್ಲ, n ಇಲ್ಲ. ಅಂದರೆ ಆರು ಸೈಕಲ್‌ಗೆ ದೋಷ ಐದು ಲಕ್ಷದಲ್ಲಿ ಒಂದು ಪಾಲಿನಷ್ಟಾಗುತ್ತದೆ. ಬರೀ ತಿದ್ದುತ್ತಾ ಹೋದರೆ 64 ಭಾಗಕ್ಕೇ 16,000ಕ್ಕೂ ಹೆಚ್ಚು ಸುತ್ತು. ತಳದವರೆಗೆ ಇಳಿಯುವ ವಿ-ಸೈಕಲ್‌ನಲ್ಲಿ ಗುಣಕ ಕೊಂಚ ಕೆಟ್ಟರೂ n ಬೆಳೆದಂತೆ ಒಂದು ಮಿತಿಯೊಳಗೇ ಉಳಿಯುತ್ತದೆ. ಖರ್ಚೂ ಹೆಚ್ಚಲ್ಲ: ಎಲ್ಲ ಗ್ರಿಡ್‌ಗಳನ್ನು ಕೂಡಿಸಿದರೂ ಸರಳಿಗೆ ಮೊದಲ ಗ್ರಿಡ್‌ನ ಎರಡರಷ್ಟು ಕೆಲಸ, ತಗಡಿಗೆ 4/3, ಮೂರು ಆಯಾಮದಲ್ಲಿ 8/7. ನಿಜ ಹೇಳಬೇಕೆಂದರೆ ಸರಳಿಗೆ ಈ ಸಂಭ್ರಮ ಬೇಕಿಲ್ಲ, ಅದನ್ನು ನೇರವಾಗಿಯೇ ಬಿಡಿಸಬಹುದು. ತಗಡು, ಗಟ್ಟಿಗಳಿಗೆ ಬಂದಾಗ ಇದರ ಬೆಲೆ ತಿಳಿಯುತ್ತದೆ.

ಸೋವಿಯತ್ ಗಣಿತಜ್ಞ ಆರ್. ಪಿ. ಫೆಡೊರೆಂಕೊ 1960ರ ದಶಕದ ಮೊದಲ ವರ್ಷಗಳಲ್ಲೇ ಇದನ್ನು ಬರೆದರು. ಬಳಕೆಗೆ ಬಂದದ್ದು 1970ರ ದಶಕದಲ್ಲಿ, ಮುಖ್ಯವಾಗಿ ಇಸ್ರೇಲಿನ ಅಕಿ ಬ್ರಾಂಟ್ ಅವರ ಕೆಲಸದಿಂದ.

ಪ್ರೋಗ್ರಾಂ ಬರೆಯುವವರು ಎಡವುವ ಒಂದು ಜಾಗವಿದೆ. ಒರಟು ಗ್ರಿಡ್‌ನಲ್ಲಿ ಬಿಂದುಗಳ ಅಂತರ ಎರಡು ಪಟ್ಟು, ಸಮೀಕರಣದಲ್ಲಿ ಬರುವ ಅದರ ವರ್ಗ ನಾಲ್ಕು ಪಟ್ಟು. ಇದನ್ನು ಮರೆತರೆ ತಿದ್ದುಪಡಿ ಕಾಲು ಭಾಗ ಮಾತ್ರ ಸಿಗುತ್ತದೆ. ಪ್ರೋಗ್ರಾಂ ಕೆಡುವುದಿಲ್ಲ, ಉತ್ತರವೂ ಕೊನೆಗೆ ಬರುತ್ತದೆ. ಆದರೆ ಎರಡೇ ಗ್ರಿಡ್ ಇಟ್ಟರೂ ಹಿರಿಯಲೆಗಳು ಪ್ರತಿ ಸೈಕಲ್‌ಗೆ ಮುಕ್ಕಾಲಿಗಷ್ಟೇ ಇಳಿಯುತ್ತವೆ. ಗೊತ್ತಾಗುವ ಬಗೆ ಒಂದೇ: ಪ್ರತಿ ಸೈಕಲ್‌ನ ಶೇಷವನ್ನು ಹಿಂದಿನದರಿಂದ ಭಾಗಿಸಿ ಅಚ್ಚು ಹಾಕಿ ನೋಡುವುದು, n ಇಮ್ಮಡಿಸಿ ಮತ್ತೆ ನೋಡುವುದು. ಸಂಖ್ಯೆ ಏರುತ್ತಾ ಹೋದರೆ ಎಲ್ಲೋ ತಪ್ಪಿದೆ.

ಕೆಲವು ಸಲ ಪ್ರೋಗ್ರಾಂ ಸರಿಯಿದ್ದೂ ಸಂಖ್ಯೆ ಕೆಡುತ್ತದೆ. ತಗಡು ಉದ್ದಕ್ಕೆ ಬಿಸಿಯನ್ನು ಸಲೀಸಾಗಿ ಹರಿಸಿ, ಅಗಲಕ್ಕೆ ಅದರ ನೂರರಲ್ಲೊಂದು ಪಾಲಷ್ಟೇ ಹರಿಸಿದರೆ, ಬಿಂದುವಿನ ತಿದ್ದುಪಡಿ ಉದ್ದದ ದಿಕ್ಕಿನಲ್ಲಿ ಮಾತ್ರ ದೋಷವನ್ನು ನಯ ಮಾಡುತ್ತದೆ. ಅಗಲಕ್ಕೆ ಗರಗಸದಂತೆ ಇರುವ ದೋಷವನ್ನು ಅದು ಅಳಿಸದು, ಒರಟು ಗ್ರಿಡ್ ಅದನ್ನು ಗುರುತಿಸದು. ಆಗ ಉದ್ದಕ್ಕೆ ಒಂದೊಂದು ಸಾಲಿನ ಬಿಂದುಗಳನ್ನೆಲ್ಲ ಒಟ್ಟಿಗೇ ಬಿಡಿಸಿ ತಿದ್ದುತ್ತಾರೆ, ಇಲ್ಲವೇ ಉದ್ದದ ದಿಕ್ಕಿನಲ್ಲಿ ಮಾತ್ರ ಬಿಂದುಗಳನ್ನು ಕೈಬಿಟ್ಟು, ಅಗಲದ್ದನ್ನು ಹಾಗೇ ಇಟ್ಟುಕೊಂಡು ಕೆಳಗಿಳಿಯುತ್ತಾರೆ.