ಉತಾರದಲ್ಲಿ ಉಳಿದ ಹೆಸರು: ವಾರಸಾ ಅರ್ಜಿ ಬರೆಯುವ ಮೊದಲು

ಹೊಲದ ಯಜಮಾನ ತೀರಿಕೊಂಡ ಮೇಲೆ ಹೊಲವೇನೋ ಮಕ್ಕಳ ಕೈಗೆ ಬರುತ್ತದೆ, ಉತಾರ ಮಾತ್ರ ತಾನಾಗಿ ಬದಲಾಗುವುದಿಲ್ಲ. ಯಾರಾದರೂ ಅರ್ಜಿ ಕೊಡುವವರೆಗೆ ಪಹಣಿಯ 9ನೇ ಕಾಲಮ್ಮಿನಲ್ಲಿ ಸತ್ತವರ ಹೆಸರೇ ಮುಂದುವರಿಯುತ್ತದೆ. ಗೋವಿನಜೋಳ ಬಿತ್ತಿ ಬೆಳೆಯುವವನು ಮಗ. ಸೊಸೈಟಿ ಸಾಲ, ಬೆಳೆ ವಿಮೆ, ಪರಿಹಾರದ ಹಣ ಎಂದಾಗ ಕಚೇರಿಯವರು ನೋಡುವುದು ಅಪ್ಪನ ಹೆಸರನ್ನು. ಈ ಹೆಸರನ್ನು ತೆಗೆದು ಹಕ್ಕುದಾರರ ಹೆಸರು ಸೇರಿಸುವ ಕೆಲಸಕ್ಕೆ ಮೈಸೂರು ಕಡೆ ಪೌತಿ ಖಾತೆ ಎನ್ನುತ್ತಾರೆ. ಹಳೆಯ ಮುಂಬಯಿ ಪ್ರಾಂತದ ಕಂದಾಯ ಪದ್ಧತಿಯಲ್ಲಿ ಬೆಳೆದ ಮಾಸೂರು, ಹಿರೇಕೆರೂರು, ಹಾನಗಲ್, ಸವಣೂರು, ಶಿಗ್ಗಾಂವಿ ಕಡೆ ಅದು ವಾರಸಾ.

ಈ ಅಧ್ಯಾಯ ಬೇಸಾಯದ ಜಮೀನಿನ ವಾರಸಾ ಕುರಿತದ್ದು. ಊರೊಳಗಿನ ಮನೆ, ಹಿತ್ತಲಿನ ದಾಖಲೆ ಗ್ರಾಮ ಪಂಚಾಯತಿಯ ಇ-ಸ್ವತ್ತಿನಲ್ಲಿ ಇರುತ್ತದೆ. ಅದಕ್ಕೆ ಪಂಚಾಯತಿಗೇ ಬೇರೆ ಅರ್ಜಿ ಕೊಡಬೇಕು. ಹೊಲದ ವಾರಸಾ ಆಯಿತೆಂದರೆ ಮನೆಯದೂ ಆಯಿತು ಎಂದು ತಿಳಿಯಬಾರದು.

ವಾರಸಾ ಏನು ಮಾಡುತ್ತದೆ, ಏನು ಮಾಡುವುದಿಲ್ಲ

ಕರ್ನಾಟಕ ಭೂಕಂದಾಯ ಅಧಿನಿಯಮ, 1964ರ 128ನೇ ಕಲಮಿನ ಪ್ರಕಾರ ಜಮೀನಿನ ಹಕ್ಕು ಪಡೆದವರು ಮೂರು ತಿಂಗಳೊಳಗೆ ಅದನ್ನು ವರದಿ ಮಾಡಬೇಕು. ಹಕ್ಕು ಬರುವ ದಾರಿಗಳಲ್ಲಿ ಖರೀದಿಯಂತೆ ವಾರಸಾ ಕೂಡ ಒಂದು. ಮೂರು ತಿಂಗಳು ಕಳೆದರೆ ಹಕ್ಕು ಹೋಗುವುದಿಲ್ಲ. ಇಪ್ಪತ್ತು ವರ್ಷದ ಮೇಲೂ ವಾರಸಾ ಆಗುತ್ತದೆ, ಆದರೆ ಆ ಹೊತ್ತಿಗೆ ಸತ್ತವರ ಪಟ್ಟಿಯೂ ಬೇಕಾದ ಕಾಗದಗಳೂ ಹೆಚ್ಚಿರುತ್ತವೆ.

ಹಕ್ಕು ಹುಟ್ಟುವುದು ಯಜಮಾನ ತೀರಿಕೊಂಡ ದಿನ, ಉತಾರದಲ್ಲಿ ಹೆಸರು ಬಂದ ದಿನವಲ್ಲ. 133ನೇ ಕಲಮು ಪಹಣಿಯ ನಮೂದನ್ನು ಬೇರೆ ಪುರಾವೆ ಬರುವ ತನಕ ಸರಿಯೆಂದು ನಂಬುತ್ತದೆ, ಅಷ್ಟೇ. ಹೆಸರು ಬಿಟ್ಟುಹೋದ ಮಗಳ ಪಾಲು ಅದರಿಂದ ಅಳಿಸಿಹೋಗುವುದಿಲ್ಲ. ವಾರಸಾ ಎಂದರೆ ವಾಟ್ನಿಯೂ ಅಲ್ಲ. ಅದರಿಂದ ಎಲ್ಲರ ಹೆಸರು ಜಂಟಿಯಾಗಿ ಬರುತ್ತದೆ. ಯಾರಿಗೆ ಯಾವ ದಿಕ್ಕಿನ ಹೊಲ ಎಂಬುದು ಮುಂದೆ ವಾಟ್ನಿಯಲ್ಲಿ ತೀರ್ಮಾನವಾಗಬೇಕು.

ಯಾರು ವಾರಸುದಾರರು: ಒಂದು ಲೆಕ್ಕ

ಅರ್ಜಿ ಕೆಡುವುದು ಹೆಚ್ಚಾಗಿ ಇಲ್ಲಿಯೇ. ಉದಾಹರಣೆಗೆ ಮಾಸೂರಿನ ಒಂದು ಹಿಂದೂ ಕುಟುಂಬವನ್ನು ಊಹಿಸಿಕೊಳ್ಳೋಣ. ಅಪ್ಪ ಸ್ವಂತ ದುಡಿಮೆಯಲ್ಲಿ ಕೊಂಡ 5 ಎಕರೆ ಹೊಲವಿದೆ. ಮರಣಪತ್ರ, ಅಂದರೆ ವಿಲ್ಲು, ಬರೆಯದೆ 2012ರಲ್ಲಿ ತೀರಿಕೊಂಡ. ಅವನ ತಾಯಿ ಮೊದಲೇ ಹೋಗಿದ್ದಳು. ಉಳಿದವರು ಹೆಂಡತಿ, ಇಬ್ಬರು ಗಂಡುಮಕ್ಕಳು, ಮದುವೆಯಾದ ಹಿರಿಮಗಳು. ಕಿರಿಮಗಳೂ ಈಗಿಲ್ಲ, ಅವಳ ಗಂಡ, ಒಬ್ಬ ಮಗ, ಒಬ್ಬ ಮಗಳು ಇದ್ದಾರೆ.

ಹಿಂದೂ ಉತ್ತರಾಧಿಕಾರ ಅಧಿನಿಯಮ, 1956ರ ಪ್ರಕಾರ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರೂ ಒಂದೇ ಸಾಲಿನ ವಾರಸುದಾರರು. ಮಗಳಿಗೆ ಮದುವೆಯಾಗಿದೆಯೇ ಎಂಬ ಪ್ರಶ್ನೆಯೇ ಬರುವುದಿಲ್ಲ. ಐದು ಪಾಲು, ಒಂದೊಂದಕ್ಕೆ 1 ಎಕರೆ, ಅಂದರೆ 40 ಗುಂಟೆ. ಐದನೆಯ ಪಾಲು ಕಿರಿಮಗಳ ಕವಲಿನದು. ಅದು ಯಾರಿಗೆ ಹೋಗುತ್ತದೆ ಎಂಬುದು ಅವಳು ಯಾವಾಗ ತೀರಿಕೊಂಡಳು ಎಂಬುದರ ಮೇಲಿದೆ.

ಅವಳು 2010ರಲ್ಲಿ, ಅಪ್ಪನಿಗಿಂತ ಮೊದಲೇ ಹೋಗಿದ್ದರೆ ಅವಳ ಇಬ್ಬರು ಮಕ್ಕಳು ಅಜ್ಜನಿಗೆ ನೇರ ವಾರಸುದಾರರು. ಇಬ್ಬರಿಗೂ 20 ಗುಂಟೆ. ಅಳಿಯನ ಹೆಸರು ಬರುವುದಿಲ್ಲ. ಅವಳು 2015ರಲ್ಲಿ, ಅಪ್ಪನ ನಂತರ ಹೋಗಿದ್ದರೆ ಮಾತು ಬೇರೆ. 2012ರಲ್ಲೇ 40 ಗುಂಟೆ ಅವಳದಾಗಿತ್ತು. ಅವಳ ಮರಣದಿಂದ ಎರಡನೆಯ ವಾರಸಾ ತೆರೆಯುತ್ತದೆ. ಅದರಲ್ಲಿ ಗಂಡ ಮತ್ತು ಮಕ್ಕಳು ಸಮಪಾಲುದಾರರು: ಮೂವರಿಗೂ 13 ಗುಂಟೆ 5 ಆಣೆಯ ಮೇಲೆ ಸ್ವಲ್ಪ. ಈಗ ಅಳಿಯನೂ ಪಟ್ಟಿಯೊಳಗೆ ಬಂದ.

ಎರಡು ಸಂದರ್ಭದಲ್ಲೂ ಮನೆಯವರು ಅವರೇ, ಹೊಲವೂ ಅದೇ. ದಿನಾಂಕವೊಂದು ಆಚೀಚೆಯಾದರೆ ಹಕ್ಕುದಾರರೇ ಬೇರೆಯಾಗುತ್ತಾರೆ. ಆದ್ದರಿಂದ ಯಜಮಾನನ ಮರಣ ದಾಖಲೆಯೊಂದೇ ಸಾಲದು, ಅವನ ಮಕ್ಕಳಲ್ಲಿ ಯಾರು ತೀರಿಕೊಂಡಿದ್ದರೂ ಅವರ ದಾಖಲೆಯೂ ಬೇಕು. ತಲೆಮಾರು ದಾಟಿದ ಉತಾರಗಳಲ್ಲಿ ಅಜ್ಜನಿಂದ ನೇರವಾಗಿ ಮೊಮ್ಮಗನಿಗೆ ಹಾರಲು ಹೋಗಿ ಸಿಕ್ಕುಬೀಳುವವರು ಬಿಟ್ಟುಬಿಡುವುದು ನಡುವಿನ ಈ ಕೊಂಡಿಯನ್ನೇ.

ಹೊಲ ಪಿತ್ರಾರ್ಜಿತವಾಗಿದ್ದರೆ ಪಾಲಿನ ಲೆಕ್ಕ ಬದಲಾಗುತ್ತದೆ. ಆದರೂ ಮಗಳನ್ನು ಬಿಡುವಂತಿಲ್ಲ. 2005ರ ತಿದ್ದುಪಡಿ ಅವಳಿಗೆ ಮಗನಷ್ಟೇ ಹುಟ್ಟುಹಕ್ಕು ಕೊಟ್ಟಿತು. ಆ ತಿದ್ದುಪಡಿ ಬಂದಾಗ ತಂದೆ ಬದುಕಿರಬೇಕೆಂಬ ಷರತ್ತಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಹೇಳಿದೆ. ಮುಸ್ಲಿಂ ಕುಟುಂಬಗಳಿಗೆ ಅವರ ವೈಯಕ್ತಿಕ ಕಾನೂನು ಅನ್ವಯ. ಅಲ್ಲಿ ಮಗಳ ಪಾಲು ಮಗನ ಪಾಲಿನ ಅರ್ಧ, ಮಕ್ಕಳಿದ್ದಾಗ ಹೆಂಡತಿಗೆ ಎಂಟನೆಯ ಒಂದು ಭಾಗ.

ಕೂಡಿಸಬೇಕಾದ ಕಾಗದಗಳು

ಮೊದಲನೆಯದು ಮರಣ ಪ್ರಮಾಣಪತ್ರ. ಸಾವನ್ನು 21 ದಿನದೊಳಗೆ ನೋಂದಾಯಿಸಿದ್ದರೆ ತೊಂದರೆಯಿಲ್ಲ. ನೋಂದಣಿಯೇ ಆಗದೆ ವರ್ಷ ದಾಟಿದ್ದರೆ ಮೇಲಧಿಕಾರಿಯ ಆದೇಶ ಬೇಕು. ಹಿಂದೆ ಇದನ್ನು ಮ್ಯಾಜಿಸ್ಟ್ರೇಟ್ ನ್ಯಾಯಾಲಯದಲ್ಲಿ ಪಡೆಯಬೇಕಿತ್ತು. ಕೇಂದ್ರ ಕಾಯ್ದೆಯ 2023ರ ತಿದ್ದುಪಡಿ ಆ ಅಧಿಕಾರವನ್ನು ಜಿಲ್ಲಾ ದಂಡಾಧಿಕಾರಿ, ಉಪವಿಭಾಗ ದಂಡಾಧಿಕಾರಿ ಅಥವಾ ಅಧಿಕಾರ ಪಡೆದ ಕಾರ್ಯನಿರ್ವಾಹಕ ದಂಡಾಧಿಕಾರಿಗೆ ಕೊಟ್ಟಿದೆ. ಹಳೆಯ ಸಾವುಗಳಿದ್ದರೆ ಈ ಕೆಲಸದಿಂದಲೇ ಶುರು ಮಾಡಬೇಕು.

ಎರಡನೆಯದು ವಂಶವೃಕ್ಷ. ನಾಡಕಚೇರಿಯಲ್ಲಿ ಅರ್ಜಿ ಕೊಟ್ಟರೆ ಊರಿನ ತಲಾಟಿ, ಅಂದರೆ ಈಗಿನ ಗ್ರಾಮ ಆಡಳಿತ ಅಧಿಕಾರಿ, ವಿಚಾರಣೆ ಮಾಡಿ ವರದಿ ಕೊಡುತ್ತಾರೆ. ಜೊತೆಗೆ ಕುಟುಂಬದವರ ಅಫಿಡವಿಟ್ ಇರುತ್ತದೆ. ಇದರಲ್ಲಿ ತೀರಿಕೊಂಡವರನ್ನೂ ಕವಲಿನ ಸಮೇತ ತೋರಿಸಬೇಕು. ಬದುಕುಳಿದ ಸದಸ್ಯರ ಪತ್ರ ಎಂಬುದು ಬೇರೆ. ಅದರಲ್ಲಿ ಇರುವವರಷ್ಟೇ ಬರುವುದರಿಂದ ಸತ್ತ ಕಿರಿಮಗಳ ಕವಲು ಕಾಣುವುದಿಲ್ಲ. ನ್ಯಾಯಾಲಯ ಕೊಡುವ ಉತ್ತರಾಧಿಕಾರ ಪ್ರಮಾಣಪತ್ರವೂ ಇದಲ್ಲ, ಅದು ಬ್ಯಾಂಕ್ ಠೇವಣಿ, ಬರಬೇಕಾದ ಸಾಲದಂಥವುಗಳಿಗೆ.

ಉಳಿದವು: ಚಾಲ್ತಿ ವರ್ಷದ ಪಹಣಿ, ಎಲ್ಲ ವಾರಸುದಾರರ ಆಧಾರ್, ಮೈನರ್ ಇದ್ದರೆ ವಯಸ್ಸಿನ ದಾಖಲೆ ಮತ್ತು ಪಾಲಕರ ಹೆಸರು, ವಿಲ್ಲು ಇದ್ದರೆ ಅದರ ಪ್ರತಿ.

ಹೆಸರಿನ ವ್ಯತ್ಯಾಸವನ್ನು ಅರ್ಜಿಗೆ ಮೊದಲೇ ನೋಡಿಕೊಳ್ಳಬೇಕು. ಪಹಣಿಯಲ್ಲಿ ಬಸಪ್ಪ, ಮರಣ ದಾಖಲೆಯಲ್ಲಿ ಬಸವಣ್ಣೆಪ್ಪ ಎಂದಿದ್ದರೆ ಇಬ್ಬರೂ ಒಬ್ಬರೇ ಎಂಬುದಕ್ಕೆ ಅಫಿಡವಿಟ್ ಮತ್ತು ಎರಡೂ ಹೆಸರಿಗೆ ಹೊಂದುವ ಹಳೆಯ ದಾಖಲೆ ಇಟ್ಟುಕೊಳ್ಳುವುದು ಒಳ್ಳೆಯದು. ಊರಿನ ವಿಳಾಸವೂ ಹೀಗೆಯೇ. ಮಾಸೂರು ಈಗ ರಟ್ಟೀಹಳ್ಳಿ ತಾಲೂಕಿನಲ್ಲಿದೆ. ಹಳೆಯ ಕಾಗದದಲ್ಲಿ ಹಿರೇಕೆರೂರು ತಾಲೂಕು ಎಂದೂ, ಹಾವೇರಿ ಜಿಲ್ಲೆಯಾದ 1997ಕ್ಕಿಂತ ಹಿಂದಿನದರಲ್ಲಿ ಧಾರವಾಡ ಜಿಲ್ಲೆ ಎಂದೂ ಇರುತ್ತದೆ. ಅದು ತಪ್ಪಲ್ಲ, ತಿದ್ದಿಸುವ ಅಗತ್ಯವೂ ಇಲ್ಲ.

ಅರ್ಜಿಯ ಒಕ್ಕಣೆ

ನಮೂನೆಯಿದ್ದರೆ ಅದನ್ನೇ ತುಂಬಬೇಕು. ಬಿಳಿ ಹಾಳೆಯಲ್ಲಿ ಬರೆಯುವುದಾದರೆ ಹೀಗೆ:

> ಮಾನ್ಯ ತಹಶೀಲ್ದಾರರು, ರಟ್ಟೀಹಳ್ಳಿ ಇವರಿಗೆ.
> ವಿಷಯ: ವಾರಸಾ ಪ್ರಕಾರ ಹಕ್ಕು ಬದಲಾವಣೆ ಮಾಡುವ ಕುರಿತು.
> ಮಾಸೂರು ಗ್ರಾಮದ ಸರ್ವೆ ನಂ. ……, ಹಿಸ್ಸಾ ……, ಕ್ಷೇತ್ರ 5 ಎಕರೆ 0 ಗುಂಟೆ ಜಮೀನು ನಮ್ಮ ತಂದೆ …… ಇವರ ಹೆಸರಿನಲ್ಲಿದೆ. ಅವರು ದಿ. …… ರಂದು ಮರಣಪತ್ರ ಬರೆಯದೆ ತೀರಿಕೊಂಡಿದ್ದಾರೆ. ಅವರ ಮಗಳು …… ದಿ. …… ರಂದು ತೀರಿಕೊಂಡಿದ್ದು, ಅವರ ವಾರಸುದಾರರನ್ನೂ ಕೆಳಗೆ ತೋರಿಸಿದೆ. ಇವರ ಹೊರತು ಬೇರೆ ವಾರಸುದಾರರಿಲ್ಲ. ಎಲ್ಲರ ಹೆಸರನ್ನು ಜಂಟಿಯಾಗಿ ದಾಖಲಿಸಲು ಕೋರಿಕೆ.
> (ಹೆಸರು, ಸಂಬಂಧ, ವಯಸ್ಸು, ವಿಳಾಸ, ಸಹಿ)

ಕುಟುಂಬಕ್ಕೆ ಬೇರೆ ಸರ್ವೆ ನಂಬರುಗಳಿದ್ದರೆ ಎಲ್ಲವನ್ನೂ ಇದರಲ್ಲೇ ಬರೆಯಬೇಕು. ಬಿಟ್ಟ ನಂಬರು ಹಳೆಯ ಹೆಸರಿನಲ್ಲೇ ಉಳಿಯುತ್ತದೆ.

ಅರ್ಜಿ ನಡೆಯುವ ದಾರಿ

ಅರ್ಜಿಯನ್ನು ನಾಡಕಚೇರಿ ಅಥವಾ ತಾಲೂಕು ಕಚೇರಿಯ ಭೂಮಿ ಕೇಂದ್ರದಲ್ಲಿ ಕೊಟ್ಟು ನಂಬರಿರುವ ಸ್ವೀಕೃತಿ ಪಡೆಯಬೇಕು. ಬಳಿಕ 129ನೇ ಕಲಮಿನಂತೆ ಚಾವಡಿಯಲ್ಲಿ ನೋಟಿಸು ಅಂಟಿಸಿ, ಸಂಬಂಧಪಟ್ಟವರಿಗೂ ತಿಳಿಸುತ್ತಾರೆ. ನೋಟಿಸಿನಲ್ಲಿ ಹೇಳಿದ ಅವಧಿಯಲ್ಲಿ ತಕರಾರು ಬಾರದಿದ್ದರೆ ಕಂದಾಯ ನಿರೀಕ್ಷಕರು ನಮೂದನ್ನು ಮಂಜೂರು ಮಾಡುತ್ತಾರೆ. ಲಿಖಿತ ತಕರಾರು ಬಂದರೆ ಅದು ವಿವಾದಿತ ಪ್ರಕರಣಗಳ ರಿಜಿಸ್ಟರಿಗೆ ಹೋಗಿ ವಿಚಾರಣೆಯಾಗುತ್ತದೆ. ಆದೇಶ ಒಪ್ಪದವರು ಅದು ತಲುಪಿದ 60 ದಿನದೊಳಗೆ ಉಪವಿಭಾಗಾಧಿಕಾರಿಗೆ ಅಪೀಲು ಮಾಡಬಹುದು. ಆದರೆ ವಿಲ್ಲು ನಿಜವೇ, ಹೊಲ ಸ್ವಂತದ್ದೋ ಪಿತ್ರಾರ್ಜಿತವೋ ಎಂಬಂಥ ಜಗಳವನ್ನು ಕಂದಾಯ ಕಚೇರಿ ಬಗೆಹರಿಸುವುದಿಲ್ಲ. ಅದಕ್ಕೆ ಸಿವಿಲ್ ಕೋರ್ಟೇ ದಾರಿ.

ತಕರಾರು ಹೆಚ್ಚಾಗಿ ಹುಟ್ಟುವುದು ಬಿಟ್ಟ ಹೆಸರಿನಿಂದ. "ಅಕ್ಕ ಅರಿಶಿಣ-ಕುಂಕುಮಕ್ಕೆ ತನ್ನ ಪಾಲು ಬಿಟ್ಟಾಳ" ಎಂದು ಹೇಳಿ ಅವಳನ್ನು ವಂಶವೃಕ್ಷದಿಂದಲೇ ಕೈಬಿಡುವುದುಂಟು. ಬಾಯಿಮಾತಿನಿಂದಾಗಲಿ, ಛಾಪಾ ಕಾಗದದ ಮೇಲಿನ ಸಹಿಯಿಂದಾಗಲಿ ಹೊಲದ ಹಕ್ಕು ಬಿಟ್ಟಂತಾಗುವುದಿಲ್ಲ. ಅಕ್ಕನಿಗೆ ನಿಜವಾಗಿ ಬಿಡುವ ಮನಸ್ಸಿದ್ದರೆ ಉಪನೋಂದಣಿ ಕಚೇರಿಯಲ್ಲಿ ಹಕ್ಕು ಬಿಡುಗಡೆ ಪತ್ರ ನೋಂದಾಯಿಸಬೇಕು. ವಂಶವೃಕ್ಷದಲ್ಲಿ ಆಗಲೂ ಅವಳ ಹೆಸರು ಇರಲೇಬೇಕು. ಅವಳನ್ನು ಮುಚ್ಚಿಟ್ಟು ಬರೆದ ಅಫಿಡವಿಟ್ ಸುಳ್ಳು ಪ್ರಮಾಣ. ಮುಂದೆ ಹೊಲ ಕೊಂಡವನ ವರೆಗೂ ಆ ದಾವೆ ಬೆನ್ನುಹತ್ತುತ್ತದೆ.

ಕೆಲಸ ಪೂರ್ತಿಯಾಯಿತೇ?

ಮಂಜೂರಾದ ಮೇಲೆ ಹೊಸ ಪಹಣಿಯನ್ನೂ ಮ್ಯುಟೇಶನ್ ಪ್ರತಿಯನ್ನೂ ತೆಗೆಸಿ ಎದುರುಬದುರು ಇಟ್ಟು ಓದಬೇಕು. landrecords.karnataka.gov.in ತಾಣದಲ್ಲಿಯೂ ನೋಡಬಹುದು. 9ನೇ ಕಾಲಮ್ಮಿನಲ್ಲಿ ಎಲ್ಲ ಹೆಸರೂ ಬಂದಿರಬೇಕು, 10ರಲ್ಲಿ ಮ್ಯುಟೇಶನ್ ನಂಬರು ಇರಬೇಕು. 11ರಲ್ಲಿ ಅಪ್ಪನ ಸಾಲದ ಬೋಜಾ ಇದ್ದರೆ ಅದು ಹಾಗೆಯೇ ಉಳಿಯುತ್ತದೆ. ಸಾಲ ತೀರಿಸಿ ಬ್ಯಾಂಕಿನ ಪತ್ರ ತಂದ ಮೇಲಷ್ಟೇ ಅದು ಇಳಿಯುವುದು.

ಪಿಎಂ ಕಿಸಾನ್ ಯೋಜನೆಗೆ 2019ರ ಫೆಬ್ರವರಿ 1ರ ಹೊತ್ತಿಗೆ ಜಮೀನು ಹೆಸರಿನಲ್ಲಿರಬೇಕೆಂಬ ನಿಯಮವಿದ್ದರೂ, ಯಜಮಾನನ ಮರಣದಿಂದ ಬಂದ ಜಮೀನಿಗೆ ವಿನಾಯಿತಿ ಇದೆ. ಅದಕ್ಕೆ ಈ ಮ್ಯುಟೇಶನ್ ಪ್ರತಿಯೇ ಆಧಾರ. ಬೇರೆ ಬೇರೆ ಪಹಣಿ ಬೇಕೆನ್ನುವವರು ಇಲ್ಲಿಂದ ಮುಂದೆ 11ಇ ನಕ್ಷೆ ಮಾಡಿಸಿ, ವಾಟ್ನಿ ಪತ್ರ ನೋಂದಾಯಿಸಬೇಕು. ಜಂಟಿ ಉತಾರದಲ್ಲಿ ಹೆಸರಿರುವ ಪ್ರತಿಯೊಬ್ಬರ ಸಹಿಯೂ ಆ ಪತ್ರಕ್ಕೆ ಬೇಕಾಗುತ್ತದೆ.