ಮುಖ ಕೆಡದಂತೆ ಮರಳು ತೆಗೆಯುವುದು

ಮದುವೆಯ ಹಿಂದಿನ ರಾತ್ರಿ ನಡುಮನೆಯಲ್ಲಿ ಒಂದೇ ಹಳದಿ ಬಲ್ಬು. ಅದರ ಕೆಳಗೆ ಕೂತು ಅಜ್ಜಿ ಸೋಬಾನೆ ಹಾಡಿದ್ದಾರೆ. ಮೊಮ್ಮಗಳು ಮೊಬೈಲನ್ನು ಕಪಾಟಿಗೆ ಒರಗಿಸಿಟ್ಟು ವಿಡಿಯೋ ಮಾಡಿಕೊಂಡಿದ್ದಾಳೆ. ಮರುದಿನ ದೊಡ್ಡ ಪರದೆಯಲ್ಲಿ ನೋಡಿದರೆ ಗೋಡೆಯ ತುಂಬ ಮರಳು ಕುಣಿಯುತ್ತಿದೆ, ಕತ್ತಲ ಮೂಲೆಗಳಲ್ಲಿ ನೀಲಿ, ನೇರಳೆ ಕಲೆಗಳು ಮಿನುಗುತ್ತಿವೆ. ಯಾವುದೋ ಆ್ಯಪಿಗೆ ಕೊಟ್ಟು ‘ಕ್ಲೀನ್’ ಮಾಡಿಸಿದರೆ ಮರಳು ಹೋಗುತ್ತದೆ, ಅದರ ಜೊತೆಗೇ ಅಜ್ಜಿಯ ಮುಖದ ಗೆರೆಗಳೂ ಹೋಗಿ ಮೇಣದ ಮುಖ ಉಳಿಯುತ್ತದೆ. ಇಂಥ ವಿಡಿಯೋದಲ್ಲಿ ಉಳಿಸಿಕೊಳ್ಳಬೇಕಾದದ್ದೇ ಆ ಗೆರೆಗಳು. ಅವನ್ನು ಕೆಡಿಸದೆ ಮರಳನ್ನು ಇಳಿಸುವ ದಾರಿಯಿದೆ.

ಬೆಳಕು ಕಡಿಮೆಯಾದಾಗ ಸೆನ್ಸರಿನ ಪ್ರತಿ ಚುಕ್ಕೆಗೂ ಬೀಳುವ ಬೆಳಕಿನ ಕಣಗಳು ಕೆಲವೇ. ಅವು ಬೀಳುವುದೂ ಲೆಕ್ಕತಪ್ಪಿ: ಈ ಫ್ರೇಮಿನಲ್ಲಿ ಒಂದೆರಡು ಹೆಚ್ಚು, ಮುಂದಿನದರಲ್ಲಿ ಒಂದೆರಡು ಕಡಿಮೆ. ಕ್ಯಾಮೆರಾ ಆ ಸಣ್ಣ ಸಂಕೇತವನ್ನು ಹಲವು ಪಟ್ಟು ಹಿಗ್ಗಿಸುವಾಗ ಈ ಏರುಪೇರೂ ಹಿಗ್ಗುತ್ತದೆ. ಅದೇ ಮರಳು. ಇನ್ನು ಹಳದಿ ಬಲ್ಬಿನ ಬೆಳಕಿನಲ್ಲಿ ನೀಲಿಯ ಪಾಲು ತೀರ ಕಡಿಮೆ. ಗೋಡೆ ಬೆಳ್ಳಗೆ ಕಾಣಲಿ ಎಂದು ಕ್ಯಾಮೆರಾ ನೀಲಿಯನ್ನು ಎಲ್ಲಕ್ಕಿಂತ ಹೆಚ್ಚು ಹಿಗ್ಗಿಸುತ್ತದೆ. ಕತ್ತಲಲ್ಲಿ ನೀಲಿ, ನೇರಳೆ ಕಲೆಗಳೇ ಎದ್ದು ಕಾಣುವುದು ಅದಕ್ಕೆ. ಸಾಮಾನ್ಯ ವಿಡಿಯೋ ಫೈಲಿನಲ್ಲಿ ನಾಲ್ಕು ಪಿಕ್ಸೆಲ್‌ಗಳಿಗೆ ಸೇರಿ ಬಣ್ಣದ ಮಾಹಿತಿ ಒಂದೇ ಇರುವುದರಿಂದ ಈ ಕಲೆಗಳು ಹೊಳಪಿನ ಮರಳಿಗಿಂತ ದಪ್ಪವಾಗಿಯೂ ಇರುತ್ತವೆ.

ಮರಳು ತೆಗೆಯುವ ಒಂದು ಬಗೆಯಲ್ಲಿ ಒಂದೇ ಫ್ರೇಮಿನೊಳಗೆ ಅಕ್ಕಪಕ್ಕದ ಪಿಕ್ಸೆಲ್‌ಗಳನ್ನು ಬೆರೆಸುತ್ತಾರೆ. ಮುಖ ಮೇಣವಾಗುವುದು ಹೆಚ್ಚಾಗಿ ಇದರಿಂದಲೇ. ಸುಕ್ಕಿಗೂ ಮರಳಿಗೂ ಇರುವ ವ್ಯತ್ಯಾಸ ಅದಕ್ಕೆ ತಿಳಿಯದು. ಇನ್ನೊಂದು ಬಗೆ ಕಾಲದ ಉದ್ದಕ್ಕೂ ನೋಡುತ್ತದೆ. ಅದೇ ಜಾಗದ ಪಿಕ್ಸೆಲ್ ಹಿಂದಿನ ನಾಲ್ಕು ಫ್ರೇಮುಗಳಲ್ಲಿ, ಮುಂದಿನ ನಾಲ್ಕರಲ್ಲಿ ಹೇಗಿತ್ತೆಂದು ನೋಡಿ ಸರಾಸರಿ ತೆಗೆಯುತ್ತದೆ. ಸುಕ್ಕು ಎಲ್ಲ ಫ್ರೇಮಿನಲ್ಲೂ ಅಲ್ಲೇ ಇರುತ್ತದೆ, ಮರಳು ಮಾತ್ರ ಪ್ರತಿ ಸಲ ಬದಲಾಗುತ್ತದೆ. ಹಾಗಾಗಿ ಸುಕ್ಕು ಉಳಿದು ಮರಳು ತಗ್ಗುತ್ತದೆ. ಒಂಬತ್ತು ಫ್ರೇಮುಗಳ ಮರಳು ಒಂದಕ್ಕೊಂದು ಸಂಬಂಧವಿಲ್ಲದ್ದಾದರೆ, ಸರಾಸರಿಯಲ್ಲಿ ಅದು ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ.

ತೊಡಕು ಚಲನೆಯದು. ಸೆಕೆಂಡಿಗೆ 25 ಫ್ರೇಮಿನ ವಿಡಿಯೋದಲ್ಲಿ ಒಂಬತ್ತು ಫ್ರೇಮು ಅಂದರೆ ಸೆಕೆಂಡಿನ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು. ಅಷ್ಟರಲ್ಲಿ ಹಾಡುವ ಬಾಯಿ ತೆರೆದು ಮುಚ್ಚಿರುತ್ತದೆ, ರೆಪ್ಪೆ ಬಡಿದಿರುತ್ತದೆ. ಕಣ್ಣುಮುಚ್ಚಿ ಸರಾಸರಿ ತೆಗೆದರೆ ತುಟಿಯ ಮೇಲೆ ಇನ್ನೊಂದು ಮಸುಕು ತುಟಿ ಕೂರುತ್ತದೆ. ಆದ್ದರಿಂದ ಒಳ್ಳೆಯ ಫಿಲ್ಟರುಗಳಿಗೆ ಒಂದು ಮಿತಿ ಇರುತ್ತದೆ: ಪಿಕ್ಸೆಲ್ ಇಷ್ಟಕ್ಕಿಂತ ಹೆಚ್ಚು ಬದಲಾಗಿದ್ದರೆ ಅದು ಚಲನೆ, ಅಲ್ಲಿಗೆ ಬೆರೆಸುವುದನ್ನು ನಿಲ್ಲಿಸು. ಇಡೀ ಕೆಲಸದ ಜಾಣ್ಮೆ ಈ ಮಿತಿಯನ್ನು ಎಲ್ಲಿಡಬೇಕು ಎಂಬುದರಲ್ಲಿದೆ.

ಉಚಿತವಾಗಿ ಸಿಗುವ ffmpeg ತಂತ್ರಾಂಶದಲ್ಲಿರುವ atadenoise ಇಂಥದೇ ಫಿಲ್ಟರ್. ಅಜ್ಜಿಯ ವಿಡಿಯೋಗೆ ನಾನು ಹೀಗೆ ಶುರುಮಾಡುತ್ತೇನೆ:

```
ffmpeg -i ajji.mp4 -vf "atadenoise=0a=0.03:0b=0.09:1a=0.08:1b=0.30:2a=0.05:2b=0.18:s=9" -c:v libx264 -crf 16 -preset slow -c:a copy ajji-2.mp4
```

ಇಲ್ಲಿ s ಎಂದರೆ ಫ್ರೇಮುಗಳ ಸಂಖ್ಯೆ. 0 ಹೊಳಪಿನ ಪದರ, 1 ನೀಲಿಯ ಕಡೆಯ ಬಣ್ಣದ ಪದರ, 2 ಕೆಂಪಿನ ಕಡೆಯದು. a ಒಂದೇ ಫ್ರೇಮಿನ ಜಿಗಿತಕ್ಕೆ ಮಿತಿ, b ನಿಧಾನವಾಗಿ ಕೂಡುತ್ತ ಹೋಗುವ ಬದಲಾವಣೆಗೆ ಮಿತಿ. ಹೊಳಪನ್ನು 0ಯಿಂದ 255ರವರೆಗೆ ಅಳೆದರೆ 0.03 ಅಂದರೆ ಸುಮಾರು 8 ಮೆಟ್ಟಿಲು. ಫಿಲ್ಟರಿನ ಮೂಲ ಬೆಲೆಗಳು 0.02 ಮತ್ತು 0.04, ಅಂದರೆ 5 ಮತ್ತು 10 ಮೆಟ್ಟಿಲು. ಮರಳೇ ಐದು ಮೆಟ್ಟಿಲು ಏರಿಳಿಯುತ್ತಿದ್ದರೆ ಎರಡು ಫ್ರೇಮು ದಾಟುವಷ್ಟರಲ್ಲಿ ಕೂಡಿಕೆ ಹತ್ತಕ್ಕೆ ಮುಟ್ಟಿ ಫಿಲ್ಟರು ನಿಂತುಬಿಡುತ್ತದೆ. ಏನೂ ಆಗಲೇ ಇಲ್ಲವಲ್ಲ ಎಂದು ಬಹಳ ಜನ ಕೈಬಿಡುವುದು ಇಲ್ಲೇ. ಹಾಗೆಂದು 0aಯನ್ನು 0.08ಕ್ಕೆ ಏರಿಸಿದರೆ? ತುಟಿ ಮತ್ತು ಹಲ್ಲಿನ ನಡುವೆ ದೊಡ್ಡ ಅಂತರವಿರುವುದರಿಂದ ಬಾಯಿ ಬಚಾವಾಗಬಹುದು. ಕೆನ್ನೆಯ ಮಡಿಕೆ, ಕಣ್ಣಿನ ಕೊನೆಯ ಗೆರೆ ಮಾತ್ರ ಮಸುಕು ಬೆಳಕಲ್ಲಿ ಹತ್ತು ಹದಿನೈದು ಮೆಟ್ಟಿಲೊಳಗೇ ಇರುತ್ತವೆ. ತಲೆ ತುಸು ಅಲುಗಿದರೂ ಅವು ಬೆರೆತು ಅಳಿಸಿಹೋಗುತ್ತವೆ.

ಬಣ್ಣದಲ್ಲಿ ಧೈರ್ಯವಾಗಿ ಮುಂದೆ ಹೋಗಬಹುದು. ನಮ್ಮ ಕಣ್ಣು ಮುಖದ ಸೂಕ್ಷ್ಮವನ್ನು ಓದುವುದು ಮುಖ್ಯವಾಗಿ ಹೊಳಪಿನಲ್ಲಿ. ಬಣ್ಣ ಸ್ವಲ್ಪ ಹರಡಿದರೂ ಅದಕ್ಕೆ ಗೊತ್ತಾಗುವುದಿಲ್ಲ. ಬಣ್ಣದ ಕಲೆಗಳು ಹೋದರೆ ಸಾಕು, ಉಳಿದ ಹೊಳಪಿನ ಮರಳು ಹಳೆಯ ಸಿನಿಮಾದ ಮರಳಿನಂತೆ ಸಹಜವಾಗಿ ಕಾಣುತ್ತದೆ. ಆದರೂ ಎರಡು ಬಣ್ಣದ ಪದರಗಳಿಗೆ ನಾನು ಒಂದೇ ಬೆಲೆ ಕೊಡುವುದಿಲ್ಲ. ಹಳದಿ ಬಲ್ಬಿನಲ್ಲಿ ಕಲೆ ಹೆಚ್ಚಿರುವುದು ನೀಲಿಯ ಪದರದಲ್ಲಿ. ತುಟಿ, ಹಣೆಯ ಕುಂಕುಮ ಇರುವುದು ಕೆಂಪಿನ ಪದರದಲ್ಲಿ. ಅಜ್ಜಿ ತಲೆಯಾಡಿಸಿದಾಗ ಕುಂಕುಮದ ಹಿಂದೆ ಕೆಂಪು ಬಾಲ ಕಂಡರೆ 2a, 2b ಎರಡನ್ನೂ ಇಳಿಸಬೇಕು.

ಫಲಿತಾಂಶವನ್ನು ಕಣ್ಣಳತೆಯಲ್ಲಿ ಒಪ್ಪಿಕೊಳ್ಳಬಾರದು, ನುಣುಪಾದ ಚಿತ್ರ ಮೊದಲ ನೋಟಕ್ಕೆ ಚೆಂದವೇ ಕಾಣುತ್ತದೆ. ಫಿಲ್ಟರು ತೆಗೆದುಹಾಕಿದ್ದೇನು ಎಂದು ನೋಡಬೇಕು:

```
ffmpeg -i ajji.mp4 -i ajji-2.mp4 -filter_complex "[0:v][1:v]blend=all_mode=grainextract" -an sesha.mp4
```

ಮೂಲದಿಂದ ಹೊಸದನ್ನು ಕಳೆದು ಉಳಿದದ್ದನ್ನು ಬೂದು ಹಿನ್ನೆಲೆಯಲ್ಲಿ ಇದು ತೋರಿಸುತ್ತದೆ. ಅಲ್ಲಿ ಬರೀ ಮರಳಿದ್ದರೆ ಕೆಲಸ ಸರಿಯಾಗಿದೆ. ಅಜ್ಜಿಯ ಕಣ್ಣು, ಮೂಗು, ತುಟಿಯ ರೇಖೆ ಗುರುತು ಸಿಗುವಂತೆ ಕಂಡರೆ ಮುಖವನ್ನೇ ಕೆರೆದು ಹಾಕಿದ್ದೇವೆ ಎಂದರ್ಥ. ಆಗ 0a, 0b ಇಳಿಸಿ ಮತ್ತೆ ಓಡಿಸಬೇಕು. ಹಾಡಿನ ನಡುವೆ ಅವರು ನಕ್ಕ, ತಿರುಗಿ ನೋಡಿದ ಹತ್ತು ಸೆಕೆಂಡಿನ ತುಣುಕನ್ನೇ ಈ ಪರೀಕ್ಷೆಗೆ ಆರಿಸಿಕೊಳ್ಳಿ. ಸುಮ್ಮನೆ ಕೂತ ತುಣುಕಿನಲ್ಲಿ ಯಾವ ಫಿಲ್ಟರೂ ಪಾಸಾಗುತ್ತದೆ. ಬೆಳಕು ಏರಿಸುವುದು, ಬಣ್ಣ ತಿದ್ದುವುದು ಇದೆಲ್ಲ ಆದ ಮೇಲೆ.

ಈ ವಿಧಾನ ಸೋಲುವ ಕಡೆಗಳೂ ಇವೆ. ಕ್ಯಾಮೆರಾ ಕೈಯಲ್ಲಿದ್ದು ಅಲುಗುತ್ತಿದ್ದರೆ ಇಡೀ ಚಿತ್ರವೇ ಚಲನೆ, ಫಿಲ್ಟರಿಗೆ ಬೆರೆಸಲು ಸಿಗುವುದು ಅಲ್ಪ. ಅಂಥ ಕಡೆ ಚಿತ್ರವನ್ನು ಚಿಕ್ಕ ಚೌಕಗಳಾಗಿ ಒಡೆದು, ಪ್ರತಿ ಚೌಕ ಪಕ್ಕದ ಫ್ರೇಮಿನಲ್ಲಿ ಎಲ್ಲಿಗೆ ಸರಿದಿದೆ ಎಂದು ಹುಡುಕಿ, ಆಮೇಲೆ ಸರಾಸರಿ ತೆಗೆಯುವ ಸಾಧನ ಬೇಕು. ಉಚಿತದಲ್ಲಿ MVTools ಈ ಕೆಲಸ ಮಾಡುತ್ತದೆ. ಹಣ ಕೊಟ್ಟು ಕೊಳ್ಳುವ DaVinci Resolve Studioದ ಟೆಂಪೊರಲ್ ನಾಯ್ಸ್ ರಿಡಕ್ಷನ್ನಿನಲ್ಲೂ ಚಲನೆಯ ಅಂದಾಜು ಇದೆ. ಅದರಲ್ಲಿ ಹೊಳಪು ಮತ್ತು ಬಣ್ಣದ ಮಿತಿಗಳು ಕೂಡಿಕೊಂಡಿರುತ್ತವೆ, ಮೊದಲು ಆ ಕೊಂಡಿಯನ್ನು ಬಿಡಿಸಿ. ಇನ್ನೊಂದು ತೊಂದರೆ ಟ್ಯೂಬ್‌ಲೈಟಿನದು. ನಮ್ಮ ಕರೆಂಟು 50 ಹರ್ಟ್ಸ್, ಹಳೆಯ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿಣುಕುತ್ತದೆ. ಮೊಬೈಲು ಸೆಕೆಂಡಿಗೆ 30 ಫ್ರೇಮಿನಲ್ಲಿ ಹಿಡಿದಾಗ ಶಟರಿನ ವೇಗ ಅದಕ್ಕೆ ಹೊಂದದಿದ್ದರೆ ಪಟ್ಟೆಗಳು ಮೂಡಿ ಪ್ರತಿ ಫ್ರೇಮಿಗೂ ಹೊಳಪು ಬದಲಾಗುತ್ತದೆ. ಫಿಲ್ಟರು ಅದನ್ನೂ ಚಲನೆಯೆಂದು ತಿಳಿದು ಸುಮ್ಮನಾಗುತ್ತದೆ.

ಎಲ್ಲಕ್ಕಿಂತ ಕೆಟ್ಟದ್ದು ವಾಟ್ಸಾಪಿನಲ್ಲಿ ಬಂದ ಪ್ರತಿ. ಫೈಲನ್ನು ಹಿಂಡುವಾಗ ಮರಳು ಕರಗಿ ದೊಡ್ಡ ಕಲೆಗಳಾಗುತ್ತದೆ. ಆ ಕಲೆಗಳು ಫ್ರೇಮಿನಿಂದ ಫ್ರೇಮಿಗೆ ಅಲ್ಲೇ ನಿಂತಿರುವುದರಿಂದ ಸರಾಸರಿಗೆ ಜಗ್ಗುವುದಿಲ್ಲ, ಮುಖದ ಗೆರೆಗಳೂ ಅಷ್ಟರಲ್ಲಿ ಅರ್ಧ ಹೋಗಿರುತ್ತವೆ. ಆದ್ದರಿಂದ ವಿಡಿಯೋ ಮಾಡಿದ ಮೊಬೈಲಿನಿಂದಲೇ ಕೇಬಲ್ಲಿನಲ್ಲಿ ಮೂಲ ಫೈಲನ್ನು ಇಳಿಸಿಕೊಳ್ಳಿ, ಶುದ್ಧ ಮಾಡಿದ ಪ್ರತಿ ಎಷ್ಟೇ ಚೆನ್ನಾಗಿ ಬಂದರೂ ಆ ಮೂಲವನ್ನು ಅಳಿಸಬೇಡಿ.