ಅಪ್ಪಾ, ಕೀಬೋರ್ಡಿನ ಮೈಕ್ ಒತ್ತಿ

ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರೊಬ್ಬರಿಗೆ ಬೆಂಗಳೂರಿನ ಮಗ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಪಾಠ ಹೀಗೆ ಶುರುವಾಗುತ್ತದೆ: “ಅಪ್ಪಾ, ಪರದೆಯ ಮೇಲೆ ಎರಡು ಮೈಕ್ ಕಾಣುತ್ತವೆ. ಹಸಿರು ವೃತ್ತದಲ್ಲಿರುವುದು ಬೇಡ. ಅದನ್ನು ಒತ್ತಿದರೆ ನಿಮ್ಮ ದನಿ ಮಾತ್ರ ಬರುತ್ತದೆ, ಅಕ್ಷರ ಬರುವುದಿಲ್ಲ. ಮೆಸೇಜ್ ಬರೆಯುವ ಜಾಗ ಮುಟ್ಟಿ. ಕೀಬೋರ್ಡ್ ಮೇಲೇಳುತ್ತದೆ. ಅದರ ಮೇಲಿನ ಸಾಲಿನ ಬಲತುದಿಯಲ್ಲಿ ಇರುವ ಮೈಕ್ ಒತ್ತಿ.”

ಹಿರಿಯರು ಮೊದಲು ಎಡವುವುದು ಇಲ್ಲಿಯೇ. ಹಸಿರು ಮೈಕ್ ವಾಟ್ಸ್‌ಆ್ಯಪ್‌ನದು; ಅದು ಮಾತನ್ನು ಧ್ವನಿಮುದ್ರಿಸಿ ಹಾಗೆಯೇ ಕಳಿಸುತ್ತದೆ. ಕೀಬೋರ್ಡಿನ ಮೈಕ್ ಮಾತನ್ನು ಅಕ್ಷರವಾಗಿಸಿ ಅಲ್ಲೇ ನಿಲ್ಲಿಸುತ್ತದೆ, ಕಳಿಸುವ ಬಾಣದ ಗುರುತನ್ನು ನಾವೇ ಒತ್ತಬೇಕು. ಹೆಚ್ಚಿನ ಆಂಡ್ರಾಯ್ಡ್ ಫೋನ್‌ಗಳಲ್ಲಿರುವ ಗೂಗಲ್‌ನ ಜಿಬೋರ್ಡ್‌ಗೆ ಈ ಮಾತು ಹೊಂದುತ್ತದೆ. ಬೇರೆ ಕೀಬೋರ್ಡ್ ಇದ್ದರೆ ಮೈಕ್‌ನ ಜಾಗ ಬದಲಾಗಬಹುದು.

ಮೊದಲ ಸಲ ಒತ್ತಿದಾಗ ಧ್ವನಿ ಕೇಳಿಸಿಕೊಳ್ಳಲು ಫೋನ್ ಅನುಮತಿ ಬೇಡುತ್ತದೆ. ಅದನ್ನು ಕೊಡದೆ ಕೆಲಸ ಮುಂದೆ ಸಾಗದು.

ಅಪ್ಪ “ನಾಳೆ ಕೊಯ್ಲಿಗೆ ಎಂಟು ಜನ ಬರ್ತಾರೆ” ಎಂದರು. ಪರದೆಯ ಮೇಲೆ ತಲೆಬುಡವಿಲ್ಲದ ಇಂಗ್ಲಿಷ್ ಪದಗಳು ಮೂಡಿದವು. ಅವರ ಉಚ್ಚಾರಣೆಯಲ್ಲಿ ದೋಷವಿರಲಿಲ್ಲ. ಕೀಬೋರ್ಡ್ ಯಾವ ಭಾಷೆಯಲ್ಲಿದೆಯೋ ಮೈಕ್ ಸಾಮಾನ್ಯವಾಗಿ ಆ ಭಾಷೆಯನ್ನೇ ಕೇಳಿಸಿಕೊಳ್ಳುತ್ತದೆ. ಇಂಗ್ಲಿಷ್ ಕೀಬೋರ್ಡ್ ತೆರೆದಿದ್ದರೆ ಕನ್ನಡದ ಮಾತಿಗೂ ಇಂಗ್ಲಿಷ್ ಪದಗಳನ್ನೇ ಹೊಂದಿಸಲು ನೋಡುತ್ತದೆ. ಮಗನ ಮುಂದಿನ ಮೆಸೇಜ್ ಚಿಕ್ಕದು: “ಸ್ಪೇಸ್ ಬಾರ್ ಒತ್ತಿ ಹಿಡಿಯಿರಿ. ಪಟ್ಟಿಯಲ್ಲಿ ಕನ್ನಡ ಆರಿಸಿ. ಆಮೇಲೆ ಮೈಕ್.” ಪಟ್ಟಿಯಲ್ಲಿ ಕನ್ನಡವೇ ಇಲ್ಲದಿದ್ದರೆ ಜಿಬೋರ್ಡ್‌ನ ಸೆಟ್ಟಿಂಗ್ಸ್‌ನಲ್ಲಿ ಭಾಷೆಗಳ ವಿಭಾಗಕ್ಕೆ ಹೋಗಿ ಸೇರಿಸಬೇಕು.

ಎರಡನೆಯ ಸಲ ವಾಕ್ಯ ಸರಿಯಾಗಿ ಬಂತು, ಆದರೆ ‘ಕೊಯ್ಲಿಗೆ’ ಇರಬೇಕಾದಲ್ಲಿ ಬೇರೇನೋ ಪದ ಕೂತಿತ್ತು. ಇಂಥ ಕಡೆ ಇಡೀ ವಾಕ್ಯ ಅಳಿಸಬೇಕಿಲ್ಲ. ತಪ್ಪು ಪದದ ಕೊನೆಗೆ ಬೆರಳಿಟ್ಟು, ಅದೊಂದನ್ನೇ ಅಳಿಸಿ, ಮತ್ತೆ ಮೈಕ್ ಒತ್ತಿ ಆ ಪದ ಹೇಳಿದರೆ ಸಾಕು. ಮಧ್ಯೆ ಯೋಚಿಸುತ್ತ ಸುಮ್ಮನಾದರೆ ಮೈಕ್ ತಾನೇ ನಿಂತುಬಿಡುತ್ತದೆ. ಹಾಗಾಗಿ ಹೇಳಬೇಕಾದ್ದನ್ನು ಮೊದಲೇ ಮನಸ್ಸಿನಲ್ಲಿ ಜೋಡಿಸಿಕೊಳ್ಳುವುದು ಒಳ್ಳೆಯದು. ಕಳಿಸುವ ಮುಂಚೆ ಮಗ ಮೂರನ್ನು ಓದಿ ನೋಡಲು ಹೇಳಿದ್ದಾನೆ: ಹೆಸರು, ಸಂಖ್ಯೆ, ಮತ್ತು ಕ್ರಿಯಾಪದದ ಕೊನೆ. ‘ಬರ್ತಾರೆ’ ಎಂದದ್ದು ‘ಬರಲ್ಲ’ ಎಂದಾದರೆ ಮರುದಿನದ ಕೊಯ್ಲೇ ನಿಲ್ಲುತ್ತದೆ.

ಈ ಪಾಠದಲ್ಲಿ ಮೆಚ್ಚಬೇಕಾದ ಜಾಣತನವೊಂದಿದೆ. ಮಗ ಅಭ್ಯಾಸವನ್ನು ತಮ್ಮಿಬ್ಬರ ಚಾಟ್‌ನಲ್ಲೇ ಮಾಡಿಸಿದ. ಕೀಬೋರ್ಡ್ ತೆರೆದರೂ ಅವನು ಬರೆದ ಹೆಜ್ಜೆ ಅದರ ಮೇಲೆಯೇ ಕಾಣುತ್ತಿರುತ್ತದೆ. ಒಂದು ಮೆಸೇಜಿಗೆ ಒಂದೇ ಹೆಜ್ಜೆ, ಅಪ್ಪನ ಉತ್ತರ ಬಂದ ಮೇಲೆ ಮುಂದಿನದು. ಫೋನಿನಲ್ಲಿ ಗಡಿಬಿಡಿಯಿಂದ ಹೇಳಿಕೊಡುವುದಕ್ಕಿಂತ ಇದು ಎಷ್ಟೋ ಮೇಲು.

ಮಾತಿನಲ್ಲೇ ಹುಡುಕುವುದು ಎರಡನೆಯ ಪಾಠ. ಗೂಗಲ್ ಧ್ವನಿ ಹುಡುಕಾಟಕ್ಕೆ ಕನ್ನಡ ಸೇರಿದ್ದು 2017ರ ಆಗಸ್ಟ್‌ನಲ್ಲಿ. ಇಲ್ಲಿ ಭಾಷೆಯನ್ನು ಬೇರೆಯಾಗಿ ಹೊಂದಿಸಬೇಕು: ಗೂಗಲ್ ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ಧ್ವನಿ, ಅದರೊಳಗೆ ಭಾಷೆಗಳು. ಕೀಬೋರ್ಡಿಗೆ ಕನ್ನಡ ಸೇರಿಸಿದ ಮಾತ್ರಕ್ಕೆ ಇದು ಕನ್ನಡಕ್ಕೆ ತಿರುಗುವುದಿಲ್ಲ.

“ಉತ್ತರ ನಿಮಗೆ ಗೊತ್ತಿರುವ ಪ್ರಶ್ನೆಯನ್ನೇ ಮೊದಲು ಕೇಳಿ” ಎಂದು ಮಗ ಬರೆದ. ಅಪ್ಪ ಕೇಳಿದ್ದು ಬೋರ್ಡೋ ದ್ರಾವಣ ಮಾಡುವ ವಿಧಾನ. ಕೊಳೆರೋಗಕ್ಕೆ ಹೊಡೆಯುವ ಶೇ 1ರ ದ್ರಾವಣಕ್ಕೆ 100 ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ ಎಂಬುದು ಅವರಿಗೆ ಬಾಯಿಪಾಠ. ಬಂದ ಉತ್ತರಗಳಲ್ಲಿ ಯಾವ ಪುಟ ನಂಬಬಹುದು, ಯಾವುದು ಜಾಹೀರಾತು ಎಂಬುದನ್ನು ಅವರೇ ತೂಗಿ ನೋಡಿದರು. ಆಮೇಲೆ “ಶಿವಮೊಗ್ಗ ಅಡಿಕೆ ಧಾರಣೆ, ರಾಶಿ” ಎಂದು ಕೇಳಿದರು. ಧಾರಣೆಯ ಪುಟದಲ್ಲಿ ಮೊದಲು ನೋಡಬೇಕಾದ್ದು ತಾರೀಕು. ಹಳೆಯ ಪುಟಗಳೂ ಮೇಲೆ ಬಂದು ಕೂರುತ್ತವೆ.

ಒಂದನ್ನು ಮಾತ್ರ ಹೀಗೆ ಹುಡುಕಬಾರದು: ಬ್ಯಾಂಕಿನ ಸಹಾಯವಾಣಿ ನಂಬರ್. ವಂಚಕರು ಹಾಕಿದ ನಂಬರೂ ಹುಡುಕಾಟದಲ್ಲಿ ಸಿಗುತ್ತದೆ. ಅದನ್ನು ಪಾಸ್‌ಬುಕ್ ಅಥವಾ ಎಟಿಎಂ ಕಾರ್ಡಿನ ಹಿಂಬದಿಯಿಂದಲೇ ತೆಗೆದುಕೊಳ್ಳಬೇಕು. ಹಣ ಹೋದರೆ ತಡಮಾಡದೆ ಕರೆ ಮಾಡಬೇಕಾದ ಸರ್ಕಾರಿ ಸೈಬರ್ ಸಹಾಯವಾಣಿ 1930.

ಊರಿಗೆ ಹೋದಾಗ ಕೀಬೋರ್ಡ್ ಮತ್ತು ಗೂಗಲ್ ಆ್ಯಪ್ ಎರಡರಲ್ಲೂ ಕನ್ನಡ ಹೊಂದಿಸಿಕೊಟ್ಟು ಬನ್ನಿ. ಮನೆಯಲ್ಲಿ ಯಾವ ಜಾಗದಲ್ಲಿ ಸಿಗ್ನಲ್ ಗಟ್ಟಿಯಾಗಿದೆ ಎಂಬುದನ್ನೂ ಅಪ್ಪ ಅಮ್ಮನ ಜೊತೆ ನಿಂತು ನೋಡಿ. ನೆಟ್ ಕೈಕೊಟ್ಟರೆ ಕನ್ನಡದ ಹುಡುಕಾಟ ನಡೆಯುವುದಿಲ್ಲ.